ನಾವು ಕಟ್ಟಿದ ಬೆಲೆಯೇ ತಪ್ಪಿದ್ದರೆ?

ಷೇರಿಗೆ ಬೆಲೆ ಕಟ್ಟಿದ ಮೇಲೆ, ಬೆಳವಣಿಗೆಯ ಅಂದಾಜನ್ನು ಸ್ವಲ್ಪ ಇಳಿಸಿ ಇನ್ನೊಮ್ಮೆ ಲೆಕ್ಕ ಹಾಕಿ ನೋಡಿ.

ಒಂದು ಷೇರಿನ ಪಾಲಿಗೆ ಮುಂದಿನ ವರ್ಷ 10 ರೂಪಾಯಿ ನಗದು ಉಳಿಯುತ್ತದೆ ಅಂದುಕೊಳ್ಳಿ. ನಮಗೆ ವರ್ಷಕ್ಕೆ 12% ಲಾಭ ಬೇಕು. ಆ ನಗದು ಪ್ರತಿವರ್ಷ 5% ಬೆಳೆಯುತ್ತದೆ ಅಂತ ನಮ್ಮ ಊಹೆ. ಎರಡರ ವ್ಯತ್ಯಾಸ 7%. ಹತ್ತನ್ನು ಅದರಿಂದ ಭಾಗಿಸಿದರೆ ಬೆಲೆ ಸುಮಾರು 143 ರೂಪಾಯಿ.

ಬೆಳವಣಿಗೆ 3% ಮಾತ್ರ ಆದರೆ? ಬೆಲೆ 111ಕ್ಕೆ ಇಳಿಯುತ್ತದೆ. ಇಷ್ಟು ಸಣ್ಣ ತಪ್ಪು ಯಾರ ಲೆಕ್ಕದಲ್ಲೂ ಆಗುತ್ತದೆ, ಅಲ್ವಾ? 130ಕ್ಕೆ ಅಗ್ಗ ಅಂತ ಕೊಂಡವರು ಜಾಸ್ತಿ ಕೊಟ್ಟಂತಾಯಿತು. ಮೂರನೇ ಒಂದು ಭಾಗ ಬಿಟ್ಟು 95ಕ್ಕೆ ಕೊಂಡವರು ಆಗಲೂ ಸುರಕ್ಷಿತ.

ಸಾಲ ಜಾಸ್ತಿ ಇರುವ ಕಂಪನಿಗೆ ಇಷ್ಟು ಅಂತರವೂ ಸಾಲದು. ಅಲ್ಲಿ ನಾನು ಕೊಳ್ಳುವುದೇ ಇಲ್ಲ.