ಹೊಟ್ಟೆ ಕ್ಲೀನ್ ಮಾಡಿದ ಹಳದಿ ಹನಿ

ಉಡುಪಿಯ ನಮ್ಮ ಮನೆಯಲ್ಲಿ ಲೋಳೆಸರದ ಏಳೆಂಟು ಚಟ್ಟಿಗಳಿವೆ. ಮಳೆಗಾಲದಲ್ಲಿ ಬುಡ ಕೊಳೆಯುತ್ತದೆ ಅಂತ ಜೂನ್ ಬಂದ ಕೂಡಲೇ ಜಗಲಿಗೆ ಎತ್ತಿಡುತ್ತೇನೆ. ತಲೆಗೆ, ಸುಟ್ಟ ಗಾಯಕ್ಕೆ ಮಾತ್ರ ಬಳಸುತ್ತಿದ್ದ ಗಿಡ ಅದು. ಜ್ಯೂಸ್ ಮಾಡಿ ಕುಡಿಯುವ ಹುಚ್ಚು ಹಿಡಿದದ್ದು ಅತ್ತೆಗೆ ಮಲಬದ್ಧತೆ ಜಾಸ್ತಿಯಾದ ಮೇಲೆ.

ಮಾಡಿದ್ದು ಹೀಗೆ. ಒಂದು ದಪ್ಪ ಎಲೆ ಕೊಯ್ದು, ಮುಳ್ಳಿನ ಅಂಚು ತೆಗೆದು, ಮೇಲಿನ ಸಿಪ್ಪೆ ಹೆರೆದು, ಕೆಳಗಿನ ಸಿಪ್ಪೆಯಿಂದ ಲೋಳೆಯನ್ನು ಚಮಚದಲ್ಲಿ ಕೆರೆದು ಮಿಕ್ಸಿಗೆ ಹಾಕುತ್ತಿದ್ದೆ. ಲಿಂಬೆ, ಶುಂಠಿ, ಚೂರು ಉಪ್ಪು. ರಾತ್ರಿ ಮಲಗುವ ಮುಂಚೆ ಇಬ್ಬರೂ ಅರ್ಧರ್ಧ ಲೋಟ. ಕಹಿ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಾವು ಆಟಿ ಅಮಾವಾಸ್ಯೆಗೆ ಖಾಲಿ ಹೊಟ್ಟೆಯಲ್ಲಿ ಪಾಲೆ ಮರದ ಕೆತ್ತೆಯ ಕಷಾಯ ಕುಡಿದು ಬೆಳೆದವರು. ಕಹಿ ಅಂದರೆ ಮದ್ದು ಅಂತಲೇ ನಮ್ಮ ಲೆಕ್ಕ. ಅದನ್ನು ವರ್ಷಕ್ಕೆ ಒಂದೇ ದಿನ ಕುಡಿಯುತ್ತೇವೆ, ಮೇಲಿಂದ ಮೆಂತೆ ಗಂಜಿಯನ್ನೂ ಉಣ್ಣುತ್ತೇವೆ ಅನ್ನುವುದು ಆಗ ತಲೆಗೆ ಹೊಳೆಯಲಿಲ್ಲ.

ಎರಡನೇ ದಿನವೇ ಬೆಳಿಗ್ಗೆ ಹೊಟ್ಟೆ ಖಾಲಿ. ಅತ್ತೆಗೆ ಬಹಳ ಖುಷಿ. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಅರ್ಧ ಲೋಟ ಸಾಲದಾಯಿತು, ಮುಕ್ಕಾಲು ಲೋಟ ಮಾಡಿದೆವು. ನನಗೆ ಆಗಾಗ ಹೊಟ್ಟೆ ನುಲಿಯುತ್ತಿತ್ತು. ಕೆಟ್ಟದ್ದೆಲ್ಲ ಹೊರಗೆ ಹೋಗ್ತಾ ಇದೆ ಅಂತ ನಾನೇ ಸಮಾಧಾನ ಮಾಡಿಕೊಂಡೆ. ಎರಡು ತಿಂಗಳಾಗುವಾಗ ಅತ್ತೆಗೆ ರಾತ್ರಿ ಮೀನಖಂಡ ಹಿಡಿದುಕೊಳ್ಳಲು ಶುರುವಾಯಿತು. ಹಗಲು ನಾಲ್ಕು ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತಿತ್ತು. ವಯಸ್ಸಾಯಿತಲ್ಲ ಅಂದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಪೊಟ್ಯಾಸಿಯಮ್ 2.9. ಇರಬೇಕಾದದ್ದು 3.5ರಿಂದ 5ರ ನಡುವೆ.

"ಅಮ್ಮನ ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಹೋಗಿಸುವ ಮದ್ದು ಇದೆ. ಅದರಲ್ಲೇ ಪೊಟ್ಯಾಸಿಯಮ್ ಸ್ವಲ್ಪ ಹೋಗ್ತದೆ. ಆದರೆ ಇಷ್ಟೊಂದು ಯಾಕೆ? ಬೇರೆ ಏನಾದರೂ ತಗೊಳ್ತಾರಾ?" ಅಂತ ಕೇಳಿದರು. ಲೋಳೆಸರದ ವಿಷಯ ಹೇಳಲು ನನಗೆ ಮೊದಲು ನೆನಪಾಗಲೇ ಇಲ್ಲ. ಅದು ಮದ್ದಲ್ಲ, ಬರೀ ಜ್ಯೂಸ್ ಅಲ್ವಾ?

ಚಿಕ್ಕಪ್ಪನ ಮಗಳು ಫಾರ್ಮಸಿ ಓದಿದವಳು. ಆ ಭಾನುವಾರ ಮನೆಗೆ ಬಂದವಳು ಜಗಲಿಯಲ್ಲೇ ಕೂತು ಒಂದು ಎಲೆಯನ್ನು ಅಡ್ಡ ಕತ್ತರಿಸಿದಳು. "ಅಕ್ಕ, ಇಲ್ಲಿ ನೋಡು" ಅಂದಳು. ನಡುವಿನ ಲೋಳೆ ಕನ್ನಡಿಯ ಹಾಗೆ ತಿಳಿ. ಹಸಿರು ಸಿಪ್ಪೆಯ ಒಳಮೈಗೆ ತಾಗಿ ಸುತ್ತಲೂ ಸಣ್ಣ ಸಣ್ಣ ಹಳದಿ ಚುಕ್ಕೆಗಳು. ಎಲೆಯ ಬುಡವನ್ನು ಬಿಳಿ ಸಾಸರಿನ ಮೇಲೆ ಹಿಡಿದಾಗ ಆ ಚುಕ್ಕೆಗಳಿಂದ ಅರಿಶಿನದ ನೀರಿನಂತಹ ರಸ ತೊಟ್ಟಿಕ್ಕಿತು. ಸಾಸರನ್ನು ಹಾಗೇ ಇಟ್ಟೆವು. ಮಾರನೇ ದಿನ ಅದು ಕಂದುಗಪ್ಪಾಗಿ ಒಣಗಿತ್ತು, ಉಗುರಿನಲ್ಲಿ ಕೆರೆದರೆ ಪುಡಿಪುಡಿ. ಅತ್ತೆ ಮೂಗಿನ ಹತ್ತಿರ ಹಿಡಿದು, "ಇದು ಕರಿಬೋಳ ಅಲ್ವಾ!" ಅಂದರು. ಹೌದು, ಗಿಡಮೂಲಿಕೆ ಅಂಗಡಿಯ ಕರಿಬೋಳ ಅಂದರೆ ಈ ಹಳದಿ ರಸ ಗಟ್ಟಿಯಾದದ್ದೇ. ಕಡಲೆಯಷ್ಟು ಕೊಡಲೂ ಹಿಂದಿನವರು ಹತ್ತು ಸಲ ಯೋಚಿಸುತ್ತಿದ್ದರು. ನಾವು ದಿನಾ ಲೋಟದಲ್ಲಿ ಬೆರೆಸಿ ಕುಡಿಯುತ್ತಿದ್ದೆವು.

ಲೋಳೆ ಬೇರೆ, ಈ ರಸ ಬೇರೆ. ರಸದಲ್ಲಿರುವುದು ಆಂಥ್ರಾಕ್ವಿನೋನ್ ಜಾತಿಯ ವಸ್ತುಗಳು, ಮುಖ್ಯವಾಗಿ ಅಲೋಯಿನ್. ಇದು ಸಣ್ಣ ಕರುಳಿನಲ್ಲಿ ಹೆಚ್ಚಿನಂಶ ಹಾಗೇ ದಾಟಿ ಹೋಗುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದ ಮೇಲೆಯೇ ಕೆಲಸ ಶುರು. ಅದಕ್ಕೇ ಪರಿಣಾಮ ಕಾಣಲು 6ರಿಂದ 12 ಗಂಟೆ ಬೇಕು, ರಾತ್ರಿ ಕುಡಿದದ್ದು ಬೆಳಿಗ್ಗೆ ಗೊತ್ತಾಗುತ್ತದೆ. ಒಡೆದು ಬಂದ ವಸ್ತು ಕರುಳನ್ನು ಕೆರಳಿಸಿ ಹಿಂಡುತ್ತದೆ, ನೀರನ್ನು ಹೀರಿಕೊಳ್ಳಲು ಬಿಡುವುದಿಲ್ಲ. ಆ ನೀರಿನ ಜೊತೆ ಪೊಟ್ಯಾಸಿಯಮ್ ಕೂಡ ಹೊರಗೆ. ಒಂದು ಕಡೆ ಮಾತ್ರೆ, ಇನ್ನೊಂದು ಕಡೆ ಜ್ಯೂಸ್. ಅತ್ತೆಯ ಕಾಲು ಸೋತದ್ದು ಹೀಗೆ.

ನನಗೆ ನಾಚಿಕೆಯಾದದ್ದು ಬೇರೆ ವಿಷಯಕ್ಕೆ. ಹೊಟ್ಟೆ ಕ್ಲೀನ್ ಆಯ್ತು ಅನ್ನುವುದನ್ನೇ ನಾನು ಜ್ಯೂಸ್ ಒಳ್ಳೆಯದು ಅನ್ನುವುದಕ್ಕೆ ಸಾಕ್ಷಿ ಮಾಡಿಕೊಂಡಿದ್ದೆ. ನಿಜದಲ್ಲಿ ಅದು ನಾನು ಎಲೆಯನ್ನು ಸರಿಯಾಗಿ ಕ್ಲೀನ್ ಮಾಡಿಲ್ಲ ಅನ್ನುವುದಕ್ಕೆ ಸಾಕ್ಷಿ. ಹಳದಿ ರಸ ಪೂರ್ತಿ ಹೋದ ಲೋಳೆಗೆ ಹೊಟ್ಟೆಯನ್ನು ಹಾಗೆ ಓಡಿಸುವ ಶಕ್ತಿ ಇಲ್ಲ. ನನ್ನ ತಪ್ಪು ಚಮಚದಲ್ಲಿತ್ತು. ಸಿಪ್ಪೆಗೆ ತಾಗಿದ ಲೋಳೆ ಹಾಳಾಗಬಾರದು ಅಂತ ಕೆರೆಯುವಾಗ ಹಳದಿ ಪದರವೂ ಜೊತೆಗೇ ಬರುತ್ತಿತ್ತು.

ಈಗ ಅಪರೂಪಕ್ಕೆ, ಬೇಸಿಗೆಯಲ್ಲಿ ಮಜ್ಜಿಗೆಗೆ ಹಾಕಲು ಒಂದಿಷ್ಟು ಲೋಳೆ ತೆಗೆದರೆ, ಎಲೆಯನ್ನು ಬುಡದಲ್ಲಿ ಕೊಯ್ದು ಕೊಯ್ದ ಕಡೆ ಕೆಳಗಾಗಿ ಲೋಟದಲ್ಲಿ ನಿಲ್ಲಿಸುತ್ತೇನೆ. ತೊಟ್ಟಿಕ್ಕುವುದು ನಿಲ್ಲುವ ತನಕ, ಅರ್ಧ ಗಂಟೆಯೋ ಒಂದು ಗಂಟೆಯೋ. ಆಮೇಲೆ ತೊಳೆದು, ಬುಡದಲ್ಲಿ ಎರಡು ಇಂಚು, ತುದಿ, ಎರಡೂ ಅಂಚು ತೆಗೆದು, ಸಿಪ್ಪೆಯನ್ನು ದಪ್ಪಗೆ ಸೀಳುತ್ತೇನೆ. ಸಿಪ್ಪೆಯ ಜೊತೆ ಸ್ವಲ್ಪ ಲೋಳೆ ಹೋದರೂ ಹೋಗಲಿ, ಅದು ತಲೆಗಾಯಿತು. ಉಳಿದ ತುಂಡನ್ನು ಎರಡು ಮೂರು ನೀರಿನಲ್ಲಿ ತೊಳೆದು ನಾಲಿಗೆಗೆ ತಾಗಿಸಿ ನೋಡುತ್ತೇನೆ. ಶುದ್ಧ ಲೋಳೆಗೆ ರುಚಿ ಅಂತ ಹೆಚ್ಚೇನೂ ಇಲ್ಲ. ಕಹಿ ಬಂದರೆ ಆ ತುಂಡು ಹೊಟ್ಟೆಗಿಲ್ಲ.

ಆದರೂ ದಿನಾ ಕುಡಿಯುವುದಿಲ್ಲ. ಕುಡಿಯುವ ಲೋಳೆಸರಕ್ಕೆ ಉದ್ಯಮದವರೇ ಇಟ್ಟುಕೊಂಡ ಮಿತಿ ಹತ್ತು ಲಕ್ಷದಲ್ಲಿ 10 ಭಾಗಕ್ಕಿಂತ ಕಡಿಮೆ ಅಲೋಯಿನ್. ಅವರು ಇದ್ದಿಲಿನಲ್ಲಿ ಸೋಸಿ, ಯಂತ್ರದಲ್ಲಿ ಅಳೆಯುತ್ತಾರೆ. ನನ್ನ ನಾಲಿಗೆ ಅಷ್ಟು ಸೂಕ್ಷ್ಮ ಅಂತ ನಾನು ನಂಬುವುದಿಲ್ಲ. ಬಾಟಲಿ ತರುವುದಾದರೆ ಇನ್ನರ್ ಲೀಫ್ ಅಂತ ಇದೆಯಾ, ಹೋಲ್ ಲೀಫ್ ಆದರೆ ಸೋಸಿ ಅಲೋಯಿನ್ ತೆಗೆದಿದ್ದಾರಾ ಅಂತ ನೋಡಬೇಕು ಅಂತ ತಂಗಿ ಹೇಳಿದಳು. ಅಮೆರಿಕದ ಸರ್ಕಾರಿ ಪ್ರಯೋಗವೊಂದರಲ್ಲಿ ಹಾಗೆ ಸೋಸದ ಇಡೀ ಎಲೆಯ ಸಾರವನ್ನು ಎರಡು ವರ್ಷ ನೀರಿನಲ್ಲಿ ಕುಡಿಸಿದಾಗ ದೊಡ್ಡ ಜಾತಿಯ ಇಲಿಗಳ ದೊಡ್ಡ ಕರುಳಿನಲ್ಲಿ ಗಡ್ಡೆಗಳು ಬಂದವು. ಚಿಕ್ಕ ಜಾತಿಯ ಇಲಿಗಳಲ್ಲಿ ಬರಲಿಲ್ಲ. ಮನುಷ್ಯರಲ್ಲಿ ಹೀಗೇ ಆಗುತ್ತದೆ ಅಂತ ಅದರಿಂದ ಹೇಳಲು ಬರುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆ ಸಾರವನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರುವ 2ಬಿ ಗುಂಪಿಗೆ ಹಾಕಿದೆ. ಅಮೆರಿಕದಲ್ಲಿ ಚೀಟಿ ಇಲ್ಲದೆ ಮಾರುವ ಭೇದಿ ಮದ್ದುಗಳಿಂದ ಲೋಳೆಸರದ ಈ ರಸವನ್ನು 2002ರಲ್ಲೇ ತೆಗೆದುಹಾಕಿದ್ದಾರೆ. ಬಸುರಿ, ಬಾಣಂತಿ, ಚಿಕ್ಕ ಮಕ್ಕಳು, ಕಿಡ್ನಿ ತೊಂದರೆ ಇರುವವರು, ಹೃದಯಕ್ಕೆ ಡಿಗಾಕ್ಸಿನ್ ಅಥವಾ ಅತ್ತೆಯ ಹಾಗೆ ಮೂತ್ರದ ಮಾತ್ರೆ ತೆಗೆದುಕೊಳ್ಳುವವರು ಹಳದಿ ರಸದ ಹತ್ತಿರವೂ ಹೋಗಬಾರದು.

ಜ್ಯೂಸ್ ನಿಲ್ಲಿಸಿ, ಡಾಕ್ಟರು ಕೊಟ್ಟ ಪೊಟ್ಯಾಸಿಯಮ್ ಸಿರಪ್ ಕುಡಿದ ಮೇಲೆ ಅತ್ತೆಯ ಲೆಕ್ಕ 3.8ಕ್ಕೆ ಬಂತು. ಕಾಲು ಹಿಡಿಯುವುದು ಅದಕ್ಕೂ ಮೊದಲೇ ನಿಂತಿತ್ತು. ಕಷ್ಟವಾದದ್ದು ಹೊಟ್ಟೆ. ಮೊದಲ ನಾಲ್ಕು ದಿನ ಏನೂ ಇಲ್ಲ. "ನೋಡು, ಅದಿಲ್ಲದೆ ಆಗುವುದೇ ಇಲ್ಲ" ಅಂತ ಅತ್ತೆ ರೇಗಿದರು. ಹೊಡೆತಕ್ಕೆ ಅಭ್ಯಾಸವಾದ ಕರುಳು ಅಂತ ಡಾಕ್ಟರು ಅಂದರು. ಬಸಳೆ, ಹೆಸರುಕಾಳು, ಜಾಸ್ತಿ ನೀರು, ಸಂಜೆ ಒಂದು ಸುತ್ತು ನಡಿಗೆ. ಸರಿಹೋಗಲು ಮೂರು ವಾರ ಹಿಡಿಯಿತು.

ಈಗಲೂ ಪಕ್ಕದ ಮನೆಯವರು ಎಲೆ ಕೇಳುತ್ತಾರೆ. ತಲೆಗಾದರೆ ಹಾಗೇ ಕೊಡುತ್ತೇನೆ. ಕುಡಿಯಲು ಅಂದರೆ ಅತ್ತೆಯೇ ಎದ್ದು ಬಿಳಿ ಸಾಸರು ತರುತ್ತಾರೆ.