ಸೊಂಟ, ತೂಕ ಮನೇಲೇ ಸರಿಯಾಗಿ ಅಳೆಯೋದು ಹೇಗೆ?

ಪ್ಯಾಂಟ್ ಸೈಜ್ 34 ಅಂದ ತಕ್ಷಣ ಸೊಂಟದ ಸುತ್ತಳತೆ 34 ಇಂಚು ಅಂದ್ಕೋಬೇಡಿ, ಪ್ಯಾಂಟ್ ಎಷ್ಟೋ ಜನಕ್ಕೆ ಹೊಟ್ಟೆ ಕೆಳಗೆ ಕೂತಿರುತ್ತೆ, ನಾವು ಅಳೀಬೇಕಾದ ಜಾಗ ಅದಕ್ಕಿಂತ ಮೇಲಿರೋದು. ಹೊಕ್ಕುಳನ್ನ ಗುರುತು ಮಾಡ್ಕೊಂಡ್ರೂ ಮೋಸ ಆಗುತ್ತೆ, ಯಾಕಂದ್ರೆ ಹೊಟ್ಟೆ ಜೋತುಬಿದ್ರೆ ಹೊಕ್ಕುಳೂ ಜೊತೇಲೇ ಕೆಳಗೆ ಇಳಿಯುತ್ತೆ. ಮೂಳೆ ಜಾಗ ಬಿಟ್ಟು ಹೋಗಲ್ಲ, ಅದನ್ನ ಹಿಡ್ಕೊಂಡೇ ಅಳೀಬೇಕು.

ಮೊದಲು ಬಟ್ಟೆ ಮೇಲೆತ್ತಿ, ಕಂಕುಳಿಂದ ನೇರ ಕೆಳಕ್ಕೆ ಬೆರಳಲ್ಲಿ ಒತ್ತುತ್ತಾ ಬನ್ನಿ. ಕೊನೇ ಪಕ್ಕೆಲುಬು ಮುಗಿದು ಮೆತ್ತಗೆ ಸಿಗೋ ಕಡೆ ಪೆನ್ನಲ್ಲಿ ಒಂದು ಚುಕ್ಕೆ ಇಡಿ. ಇನ್ನೂ ಕೆಳಗೆ ಬಂದ್ರೆ ಸೊಂಟದ ಮೂಳೆ ಗಟ್ಟಿಯಾಗಿ ತಗಲುತ್ತೆ, ಅದರ ಮೇಲಂಚಲ್ಲಿ ಇನ್ನೊಂದು ಚುಕ್ಕೆ. ಎರಡರ ಮಧ್ಯ ಟೇಪ್ ಸುತ್ತಿ, ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಜಾಗಾನೂ ಇದೇ.

ಕಾಲು ಜೋಡಿಸಿ ನೇರ ನಿಂತ್ಕೊಳ್ಳಿ. ಬೆನ್ನ ಹಿಂದೆ ಟೇಪ್ ಇಳಿದಿರುತ್ತೆ, ನಮಗೆ ಗೊತ್ತೇ ಆಗಲ್ಲ, ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನೆಲಕ್ಕೆ ಸಮ ಇದೆಯಾ ನೋಡಿ. ಟೇಪ್ ಮೈಗೆ ತಾಗಿರಬೇಕು, ಚರ್ಮ ಒತ್ತಬಾರದು. ಮಾಮೂಲಾಗಿ ಉಸಿರು ಬಿಟ್ಟು, ಬಿಟ್ಟ ಕೊನೇಲಿ ನಂಬರ್ ಓದಿ. ಹೊಟ್ಟೆ ಒಳಗೆ ಎಳ್ಕೊಂಡು ಅಳೆದ್ರೆ ಮುಂದಿನ ತಿಂಗಳು ಅಷ್ಟೇ ಎಳ್ಕೊಳ್ಳೋಕೆ ಆಗಲ್ವಲ್ಲ, ಹೋಲಿಸೋಕೇ ಬರಲ್ಲ.

ಒಂದೇ ಸಲ ಅಳೆದು ಬರ್ಕೋಬೇಡಿ, ಟೇಪ್ ಬಿಚ್ಚಿ ಮತ್ತೆ ಸುತ್ತಿ. ಮೊದಲು 91.5 ಬಂತು, ಆಮೇಲೆ 93 ಸೆಂಟಿಮೀಟರ್ ಬಂತು ಅಂದ್ಕೊಳ್ಳಿ, ವ್ಯತ್ಯಾಸ 1 ಸೆಂಟಿಮೀಟರ್‌ಗಿಂತ ಜಾಸ್ತಿ ಆಯ್ತು, ಅಂದ್ರೆ ಟೇಪ್ ಎಲ್ಲೋ ಜಾರಿದೆ, ಎರಡನ್ನೂ ಬಿಟ್ಟು ಮತ್ತೆ ಅಳೀರಿ. ಈಗ 91.8, 92.2 ಬಂದ್ರೆ ಸರಾಸರಿ 92 ಬರ್ಕೊಳ್ಳಿ. ಇದೇ ಕಾರಣಕ್ಕೆ ಮುಂದಿನ ತಿಂಗಳು 91.5 ಬಂದ್ರೆ ಸೊಂಟ ಇಳೀತು ಅಂತ ನಾನಂತೂ ಹೇಳಲ್ಲ, ಅಷ್ಟು ವ್ಯತ್ಯಾಸ ಕೈಯಿಂದಲೇ ಬರುತ್ತೆ. ಬಟ್ಟೆ ಟೇಪ್ ಹಳೇದಾದ್ರೆ ಹಿಗ್ಗುತ್ತೆ, ಆವಾಗಾವಾಗ ಸ್ಟೀಲ್ ಸ್ಕೇಲ್ ಪಕ್ಕ ಇಟ್ಟು ನೋಡಿ.

ತೂಕದ ವಿಷಯ ಇದಕ್ಕಿಂತ ಸುಲಭ. ಮಷಿನ್ ಗಟ್ಟಿ, ಸಮ ನೆಲದ ಮೇಲಿರಲಿ, ಕಾರ್ಪೆಟ್ ಮೇಲೆ ಬೇಡ, ಇಟ್ಟ ಜಾಗದಿಂದ ಕದಲಿಸದಿದ್ರೆ ಇನ್ನೂ ಒಳ್ಳೇದು. ಬೆಳಿಗ್ಗೆ ಟಾಯ್ಲೆಟ್‌ಗೆ ಹೋಗಿ ಬಂದು, ಏನೂ ತಿನ್ನದೆ ಕುಡಿಯದೆ, ಯಾವಾಗಲೂ ಒಂದೇ ಥರದ ಕಮ್ಮಿ ಬಟ್ಟೇಲಿ, ಸೊನ್ನೆ ತೋರಿಸಿದ ಮೇಲೆ ಹತ್ತಿ. ಅರ್ಧ ಲೀಟರ್ ನೀರು ಕುಡಿದು ಹತ್ತಿದ್ರೆ ಅರ್ಧ ಕೆಜಿ ಜಾಸ್ತಿ ತೋರಿಸುತ್ತೆ, ಅದು ಕೊಬ್ಬಲ್ಲ. ಉಪ್ಪು ಜಾಸ್ತಿ ತಿಂದ ಮಾರನೇ ದಿನಾನೂ ಮೈಯಲ್ಲಿ ನೀರು ನಿಂತು ಹೀಗೇ ಏರುತ್ತೆ, ಮುಟ್ಟಿನ ಹೊತ್ತಲ್ಲೂ ಅಷ್ಟೆ. ಅದಕ್ಕೇ ಈ ಸೋಮವಾರದ್ದನ್ನ ಹೋದ ಸೋಮವಾರದ್ದಕ್ಕೆ ಹೋಲಿಸೋ ಬದಲು ವಾರಪೂರ್ತಿ ಬರೆದು ಏಳು ದಿನದ ಸರಾಸರಿ ತೆಗೀರಿ, ಈ ವಾರದ ಸರಾಸರೀನ ಹೋದ ವಾರದ್ದರ ಪಕ್ಕ ಇಟ್ಟು ನೋಡಿ.