ಶಾಫ್ಟಿನ ಒತ್ತುವ ಬದಿಯಲ್ಲಿ ಸಿಕ್ಕ ಉತ್ತರ

ಸ್ಕ್ರೂ ಕನ್ವೇಯರಿನ 50 ಮಿ.ಮೀ. ಶಾಫ್ಟಿನ ಲೆಕ್ಕದ ಹಾಳೆ ನನ್ನ ಕೈಗೆ ಬಂದಾಗ ಸುರಕ್ಷತಾ ಅಂಶ 2.45 ಅಂತ ಬರೆದಿತ್ತು. ಅದು ನಂಬುವಂತಿರಲಿಲ್ಲ. ಶಾಫ್ಟಿನ ಮೇಲೆ 40 ಕಿಲೋನ್ಯೂಟನ್ ಅಕ್ಷೀಯ ಒತ್ತಡ, 1 ಕಿಲೋನ್ಯೂಟನ್-ಮೀಟರ್ ಬಾಗುವಿಕೆ, 1.5 ಕಿಲೋನ್ಯೂಟನ್-ಮೀಟರ್ ತಿರುಚುವಿಕೆ ಇತ್ತು. ಉಕ್ಕಿನ ಯೀಲ್ಡ್ ಸ್ಟ್ರೆಸ್ 300 MPa.

ಬಿಡಿಬಿಡಿಯಾಗಿ ನೋಡಿದರೆ ಅಕ್ಷೀಯ ಸ್ಟ್ರೆಸ್ −20.4, ಬಾಗುವಿಕೆಯದು ±81.5, ತಿರುಚುವಿಕೆಯಿಂದ ಶಿಯರ್ 61.1 MPa. ಹಾಳೆಯಲ್ಲಿ ಎಳೆತದ ಬದಿಯನ್ನಷ್ಟೇ ಹಿಡಿದಿದ್ದರು. ಅಲ್ಲಿ ಅಕ್ಷೀಯ ಒತ್ತಡ ಬಾಗುವಿಕೆಯನ್ನು ತಗ್ಗಿಸಿ 61.1 ಉಳಿಸುತ್ತದೆ. ಎದುರು ಬದಿಯಲ್ಲಿ ಎರಡೂ ಕೂಡಿ −101.9 ಆಗುತ್ತದೆ. ಶಾಫ್ಟ್ ತಿರುಗುವುದರಿಂದ ಮೇಲ್ಮೈಯ ಪ್ರತಿ ಬಿಂದುವೂ ಆ ಜಾಗಕ್ಕೆ ಬಂದೇ ಬರುತ್ತದೆ. ಅಲ್ಲಿನ σ = −101.9, ಶಿಯರ್ τ = 61.1 ಇಟ್ಟರೆ ಎರಡು ಪ್ರಧಾನ ಸ್ಟ್ರೆಸ್‌ಗಳು ಹೀಗೆ ಬರುತ್ತವೆ:

```
σ1,2 = σ/2 ± √((σ/2)² + τ²)
     = −50.9 ± 79.6
     = 28.6, −130.5 MPa
```

ಎರಡನ್ನೂ ಕೂಡಿದರೆ ಮತ್ತೆ −101.9 ಬರಬೇಕು, ಬಾರದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ ಅಂತಲೇ ಅರ್ಥ. ವಾನ್ ಮೀಸೆಸ್ ಪ್ರಕಾರ ಸಮಾನ ಸ್ಟ್ರೆಸ್ 147, ಅಂಶ 2.04. ಟ್ರೆಸ್ಕಾ ಪ್ರಕಾರ 159, ಅಂಶ 1.89. ನಮಗೆ ಬೇಕಿದ್ದದ್ದು ಕನಿಷ್ಠ 2. ಡಕ್ಟೈಲ್ ಉಕ್ಕಿಗೆ ವಾನ್ ಮೀಸೆಸ್ ವಾಸ್ತವಕ್ಕೆ ಹತ್ತಿರ, ಆದರೂ ಇಷ್ಟು ಅಂಚಿನಲ್ಲಿ ನಿಲ್ಲಲು ನನಗೆ ಮನಸ್ಸಾಗಲಿಲ್ಲ. ವ್ಯಾಸವನ್ನು 55 ಮಿ.ಮೀ.ಗೆ ಏರಿಸಿದೆ. ಟ್ರೆಸ್ಕಾದಲ್ಲೂ ಅಂಶ 2.49 ಬಂತು.

ಇದು ಯೀಲ್ಡ್‌ನ ಲೆಕ್ಕ ಮಾತ್ರ. ಬಾಗುವಿಕೆ ಪ್ರತಿ ಸುತ್ತಿಗೂ ದಿಕ್ಕು ಬದಲಿಸುವುದರಿಂದ ಕೀವೇ ಇರುವ ಕಡೆ ಫಟೀಗ್ ಅನ್ನು ಬೇರೆಯಾಗಿ ನೋಡಿದೆ. ಒತ್ತಡದ ಭಾರ ಇರುವುದರಿಂದ ಉದ್ದನೆಯ ಶಾಫ್ಟಿಗೆ ಬಕ್ಲಿಂಗ್ ಅನ್ನೂ ನೋಡಬೇಕು.